ಸಂಕಲನಕ್ಕೆ ಮುಂಚಿನ ಸದ್ದಿನ ಪಟ್ಟಿ

ಮಾತಿಲ್ಲದ ಕಿರುಚಿತ್ರವೊಂದರಲ್ಲಿ ಅಜ್ಜಿ ನಸುಕಿನಲ್ಲಿ ಕಾಫಿ ಕಾಸಿ, ಮಗನ ಬಸ್ಸಿಗೆ ಕಾಯುತ್ತಾಳೆ ಎನ್ನಿ. ಬರಿಗಾಲ ಹೆಜ್ಜೆ, ಸೀರೆಯ ಸರಸರ, ಲೋಟ ಇಟ್ಟ ಸದ್ದು ಫೋಲಿ; ಇವನ್ನು ಆಮೇಲೆ ಸ್ಟುಡಿಯೋದಲ್ಲಿ ಚಿತ್ರ ನೋಡುತ್ತಾ ಮಾಡಬಹುದು. ಆ ಅಡುಗೆಮನೆಯದೇ ನಿಶ್ಶಬ್ದವನ್ನು ಮಾತ್ರ ಚಿತ್ರೀಕರಣದ ದಿನವೇ, ಎಲ್ಲರೂ ಸುಮ್ಮನೆ ನಿಂತು, ಒಂದು ನಿಮಿಷವಾದರೂ ದಾಖಲಿಸಬೇಕು. ಇಲ್ಲದಿದ್ದರೆ ಶಾಟ್ ಬದಲಾದಲ್ಲೆಲ್ಲ ಹಿನ್ನೆಲೆ ಜಿಗಿದಂತೆ ಕೇಳುತ್ತದೆ.

ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ತೆರೆಯಾಚೆಯ ಸದ್ದು. ಬಸ್ಸು ಕಾಣಿಸುವುದೇ ಇಲ್ಲ. ದೂರದಲ್ಲಿ ಬ್ರೇಕ್ ಕಿರುಗುಟ್ಟುತ್ತದೆ, ಬಾಗಿಲು ಬಡಿಯುತ್ತದೆ, ಬಸ್ಸು ಹೊರಟುಹೋಗುತ್ತದೆ. ಇದಕ್ಕೆ ಸುಮಾರು 10 ಸೆಕೆಂಡು ಬೇಕೆಂದು ಮೊದಲೇ ಬರೆದಿದ್ದರೆ ಸಂಕಲನಕಾರರು ಅಜ್ಜಿಯ ಮುಖವನ್ನು ಅಷ್ಟು ಹೊತ್ತು ಉಳಿಸುತ್ತಾರೆ. ಬರೆಯದಿದ್ದರೆ, ಶಾಟ್‌ನಲ್ಲಿ ಏನೂ ನಡೆಯುತ್ತಿಲ್ಲವೆಂದು 3 ಸೆಕೆಂಡಿಗೇ ಕತ್ತರಿಸಿಬಿಡಬಹುದು. ಆಮೇಲೆ ಬಸ್ಸಿಗೆ ಜಾಗವೇ ಇರುವುದಿಲ್ಲ.