ಪಿಡಿಎಫ್ ಪಟ್ಟಿಯ ಒಡೆದ ಸಾಲುಗಳನ್ನು ಕೂಡಿಸುವುದು

ಪಿಡಿಎಫ್‌ನಲ್ಲಿರುವ ದರಪಟ್ಟಿಯನ್ನು ಕಾಪಿ ಮಾಡಿ ಎಕ್ಸೆಲ್‌ಗೆ ಹಾಕಿದರೆ ನಲವತ್ತು ಬಾಬಿನ ಪಟ್ಟಿ ನೂರು ಸಾಲು ದಾಟಿಬಿಡುತ್ತದೆ. ನಮ್ಮ ಕಣ್ಣಿಗೆ ಕೋಷ್ಟಕ ಕಂಡರೂ ಬಹುತೇಕ ಪಿಡಿಎಫ್‌ಗಳ ಒಳಗೆ ಕೋಷ್ಟಕವೇ ಇರುವುದಿಲ್ಲ. ಯಾವ ಅಕ್ಷರ ಪುಟದಲ್ಲಿ ಎಲ್ಲಿ, ಯಾವ ಗೆರೆ ಎಲ್ಲಿಂದ ಎಲ್ಲಿಗೆ ಎಂಬ ಸೂಚನೆಗಳಷ್ಟೇ ಇರುತ್ತವೆ. ಜಾಗ ಸಾಲದೆ ವಿವರ ಮೂರು ಸಾಲಿಗೆ ಇಳಿದಿದ್ದರೆ, ಕಾಪಿ ಮಾಡಿದಾಗ ಅವು ಮೂರು ಬೇರೆ ಬೇರೆ ಸಾಲುಗಳೇ ಆಗುತ್ತವೆ.

ಕಾಲಂಗಳು ಸರಿಯಾಗಿ ಬಂದಿವೆ ಎಂದುಕೊಳ್ಳೋಣ: A ಯಲ್ಲಿ ಕ್ರಮಸಂಖ್ಯೆ, B ಯಲ್ಲಿ ವಿವರ, C ಯಲ್ಲಿ ದರ. ಎರಡನೇ ಸಾಲಿನಲ್ಲಿ ‘1’, ‘ಜಿ.ಐ. ಪೈಪು, ಒಂದು’ ಮತ್ತು ದರ ಇವೆ. ಮೂರನೆಯದರಲ್ಲಿ ‘ಇಂಚು ವ್ಯಾಸ, ಗೋಡೆಗೆ’, ನಾಲ್ಕನೆಯದರಲ್ಲಿ ‘ಕ್ಲಾಂಪ್ ಸಹಿತ’ ಎಂದಷ್ಟೇ ಇದೆ. ಐದನೇ ಸಾಲಿನಲ್ಲಿ ‘2’ ಶುರು. A ಖಾಲಿಯಿದ್ದರೆ ಅದು ಮೇಲಿನದರ ಮುಂದುವರಿಕೆ. ನಮಗಿರುವ ಸುಳಿವು ಇದೊಂದೇ. E2 ದಲ್ಲಿ ಹೀಗೆ ಬರೆದು ಪಟ್ಟಿಯ ಕೊನೆಯವರೆಗೂ ಎಳೆಯಿರಿ:

```
=IF(A3="",TRIM(B2&" "&E3),B2)
```

ಕೆಳಗಿನ ಸಾಲಿಗೆ ಕ್ರಮಸಂಖ್ಯೆ ಇಲ್ಲದಿದ್ದರೆ ಅಲ್ಲಿ ಕೂಡಿಬಂದದ್ದನ್ನು ಈ ಸಾಲಿಗೆ ಸೇರಿಸು ಎಂದು ಇದರ ಅರ್ಥ. ವಿವರ ಕೆಳಗಿನಿಂದ ಮೇಲಕ್ಕೆ ಕೂಡುತ್ತಾ ಬರುವುದರಿಂದ, ಕ್ರಮಸಂಖ್ಯೆ ಇರುವ ಸಾಲಿನಲ್ಲಿ ‘ಜಿ.ಐ. ಪೈಪು, ಒಂದು ಇಂಚು ವ್ಯಾಸ, ಗೋಡೆಗೆ ಕ್ಲಾಂಪ್ ಸಹಿತ’ ಎಂದು ಪೂರ್ತಿ ಸಿಗುತ್ತದೆ. ಹಳೇ ಎಕ್ಸೆಲ್ ಇರಲಿ, ಲಿಬ್ರೆಆಫೀಸ್ ಇರಲಿ, ಕೆಲಸ ಮಾಡುತ್ತದೆ. ಆಮೇಲೆ E ಕಾಲಂ ಅನ್ನು ಕಾಪಿ ಮಾಡಿ, ಫಾರ್ಮುಲಾ ಬಿಟ್ಟು ಬರೀ ಮೌಲ್ಯವಾಗಿ ಅಲ್ಲೇ ಪೇಸ್ಟ್ ಮಾಡಿ. ಫಿಲ್ಟರ್ ಹಾಕಿ A ಖಾಲಿಯಿರುವ ಸಾಲುಗಳನ್ನು ಅಳಿಸುವುದು ಅದಾದ ಮೇಲೆಯೇ; ಮೊದಲೇ ಅಳಿಸಿದರೆ ಫಾರ್ಮುಲಾ ಕೆಡುತ್ತದೆ.

ಪುಟದ ಅಡಿಯ ಪುಟಸಂಖ್ಯೆ A ಗೆ ಬಂದು ಕುಳಿತರೆ ಅದೂ ಒಂದು ಬಾಬಿನಂತೆ ಕಾಣುತ್ತದೆ. ಪ್ರತಿ ಪುಟದಲ್ಲಿ ಮರಳಿ ಬರುವ ತಲೆಬರಹದ್ದೂ ಇದೇ ಕಾಟ. ಇವನ್ನು ಫಾರ್ಮುಲಾ ಹಾಕುವ ಮೊದಲೇ ತೆಗೆಯಬೇಕು. ಉಳಿದಿವೆಯೇ ಎಂದು ನೋಡಲು `=COUNTA(A2:A500)` ಸಾಕು: ಉತ್ತರ ಕೊನೆಯ ಕ್ರಮಸಂಖ್ಯೆಗೆ ಸರಿಹೊಂದಬೇಕು.

ನಿಜವಾದ ತಲೆನೋವು ಬೇರೆ. ಕೆಲವು ಪಟ್ಟಿಗಳಲ್ಲಿ ಕ್ರಮಸಂಖ್ಯೆ ಮತ್ತು ದರವನ್ನು ಚೌಕದ ನಟ್ಟನಡುವೆ ಅಚ್ಚು ಮಾಡಿರುತ್ತಾರೆ. ಆಗ ಮೂರು ಸಾಲಿನ ವಿವರಕ್ಕೆ ಸಂಖ್ಯೆ ಎರಡನೇ ಸಾಲಿನಲ್ಲಿ ಬೀಳುತ್ತದೆ, ಮೊದಲ ಸಾಲು ಹಿಂದಿನ ಬಾಬಿನ ಬಾಲಕ್ಕೆ ಅಂಟಿಕೊಳ್ಳುತ್ತದೆ. ಎಣಿಕೆ ಸರಿಯಾಗಿಯೇ ಇರುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ‘1’ ಕ್ಕಿಂತ ಮೇಲೆಯೇ ವಿವರ ಶುರುವಾಗಿದ್ದರೆ ಅನುಮಾನಪಡಿ. ಇಂಥ ಕಡೆ ಯಾವ ಫಾರ್ಮುಲಾವೂ ನೆಚ್ಚಿಕೆಯದ್ದಲ್ಲ, ಏಕೆಂದರೆ ಬಾಬುಗಳ ಗಡಿ ಹೇಳುವ ಗೆರೆಗಳು ಪೇಸ್ಟ್ ಆಗಿ ಬಂದಿಲ್ಲ. ಉಚಿತವಾಗಿ ಸಿಗುವ ಟ್ಯಾಬುಲಾ ತಂತ್ರಾಂಶದಲ್ಲಿ ಪಿಡಿಎಫ್ ತೆರೆದು Lattice ಆರಿಸಿದರೆ ಅದು ಆ ಗೆರೆಗಳನ್ನೇ ನೋಡಿ ಚೌಕ ಗುರುತಿಸುತ್ತದೆ. ಗೆರೆಯೇ ಇಲ್ಲದ ಪಟ್ಟಿಯಾದರೆ, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಂಖ್ಯೆ, ದರಗಳನ್ನು ಆಯಾ ಬಾಬಿನ ಮೊದಲ ಸಾಲಿಗೆ ಕೈಯಾರೆ ಏರಿಸಬೇಕು.