ಕೈ-ವರ್ಗ ಪರೀಕ್ಷೆಯಿಂದ ಎರಡು ಗ್ರಾಮಗಳ ಸೋಂಕಿನ ಹೋಲಿಕೆ

ಎರಡು ಗ್ರಾಮಗಳ ಸೋಂಕಿನ ಪ್ರಮಾಣದಲ್ಲಿ ಕಂಡ ವ್ಯತ್ಯಾಸವು ಕೇವಲ ಆಕಸ್ಮಿಕವೇ ಎಂಬುದನ್ನು ಪರಿಶೀಲಿಸಲು ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆಯನ್ನು ಬಳಸಲಾಗುತ್ತದೆ. ಇದನ್ನು ಕಾರ್ಲ್ ಪಿಯರ್ಸನ್ 1900ರಲ್ಲಿ ಪ್ರಕಟಿಸಿದನು.

ಕೋಷ್ಟಕ

ಉದಾಹರಣೆಗಾಗಿ, ಕೊಕ್ಕೆಹುಳುವಿನ ತಪಾಸಣೆಯಲ್ಲಿ ಈ ಕಾಲ್ಪನಿಕ ಸಂಖ್ಯೆಗಳು ದೊರೆತವೆಂದು ಭಾವಿಸೋಣ:

| ಗ್ರಾಮ | ಸೋಂಕಿತರು | ಸೋಂಕಿಲ್ಲದವರು | ಒಟ್ಟು |
|---|---|---|---|
| ಅ | 36 | 84 | 120 |
| ಆ | 12 | 68 | 80 |
| ಒಟ್ಟು | 48 | 152 | 200 |

ಕೋಷ್ಟಕದಲ್ಲಿ ಜನರ ಸಂಖ್ಯೆಯನ್ನೇ ಬರೆಯಬೇಕು. ಶೇಕಡಾವಾರು (30 ಮತ್ತು 15) ಬರೆದರೆ ಎಷ್ಟು ಜನರನ್ನು ಪರೀಕ್ಷಿಸಲಾಯಿತೆಂಬ ಮಾಹಿತಿ ಕಳೆದುಹೋಗಿ ಉತ್ತರ ತಪ್ಪಾಗುತ್ತದೆ.

ಲೆಕ್ಕ

ಗ್ರಾಮಗಳ ನಡುವೆ ವ್ಯತ್ಯಾಸವಿಲ್ಲವೆಂಬುದು ಶೂನ್ಯ ಕಲ್ಪನೆ. ಅದು ನಿಜವಾದರೆ, ಪ್ರತಿ ಕೋಶದ ನಿರೀಕ್ಷಿತ ಸಂಖ್ಯೆಯು ಅದರ ಸಾಲಿನ ಮೊತ್ತವನ್ನು ಕಂಬದ ಮೊತ್ತದಿಂದ ಗುಣಿಸಿ, 200ರಿಂದ ಭಾಗಿಸಿದಷ್ಟಿರುತ್ತದೆ. ‘ಅ’ ಗ್ರಾಮದ ಸೋಂಕಿತರಿಗೆ ಇದು 120 × 48 ÷ 200 = 28.8. ಉಳಿದವು 91.2, 19.2 ಮತ್ತು 60.8. ಪ್ರತಿ ಕೋಶದಲ್ಲಿಯೂ ವ್ಯತ್ಯಾಸ 7.2, ಅದರ ವರ್ಗವನ್ನು ಆಯಾ ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿಸಬೇಕು:

χ² = 1.80 + 0.57 + 2.70 + 0.85 = 5.92

ಫಲಿತಾಂಶದ ಅರ್ಥ

2×2 ಕೋಷ್ಟಕದ ಸ್ವಾತಂತ್ರ್ಯ ಮಟ್ಟ 1, ಶೇ. 5ರ ಮಟ್ಟದಲ್ಲಿ ಮಿತಿಮೌಲ್ಯ 3.84. ಉತ್ತರವು ಅದನ್ನು ಮೀರಿರುವುದರಿಂದ (p ≈ 0.015) ಶೂನ್ಯ ಕಲ್ಪನೆಯನ್ನು ತಿರಸ್ಕರಿಸಲಾಗುತ್ತದೆ. ಆದರೆ ವ್ಯತ್ಯಾಸದ ಕಾರಣವನ್ನು ಈ ಪರೀಕ್ಷೆ ತಿಳಿಸುವುದಿಲ್ಲ.

ಮಿತಿಗಳು

ಯಾವುದೇ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಿದ್ದರೆ ಫಿಶರನ ನಿಖರ ಪರೀಕ್ಷೆ ಸೂಕ್ತ. ಪ್ರತಿ ವ್ಯಕ್ತಿಯ ಫಲಿತಾಂಶವೂ ಸ್ವತಂತ್ರವಾಗಿರಬೇಕು. ಒಂದೇ ಮನೆಯ ಹಲವರನ್ನು ಪರೀಕ್ಷಿಸಿದಾಗ ಸೋಂಕು ಒಟ್ಟಾಗಿ ಕಾಣಿಸಿಕೊಳ್ಳುವುದರಿಂದ, p ಮೌಲ್ಯವು ಇರಬೇಕಾದುದಕ್ಕಿಂತ ಚಿಕ್ಕದಾಗಿ ತೋರಬಹುದು.