ಅಂಚಿನ ಷರಾ ಮತ್ತು ಮುಂದಿನ ಪ್ರಬಂಧ

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿರುವ ಮಗನೋ ಮಗಳೋ ಇರುವ ಮನೆಗಳಲ್ಲಿ ಕೆಂಪು ಶಾಯಿಯ ಕಾಗದಗಳ ಕಟ್ಟೊಂದು ಮೇಜಿನ ಮೇಲೆ ಇದ್ದೇ ಇರುತ್ತದೆ. ಅಭ್ಯಾಸಕ್ಕೆಂದು ಬರೆದ ಪ್ರಬಂಧಗಳವು. ತಿದ್ದಿದ ಅಧ್ಯಾಪಕರು ಅಂಚಿನಲ್ಲಿ ‘ಆಳ ಸಾಲದು’, ‘ಮುಕ್ತಾಯ ಸಪ್ಪೆ’ ಎಂದು ಷರಾ ಬರೆದಿರುತ್ತಾರೆ. ವಿದ್ಯಾರ್ಥಿ ಅದನ್ನು ಓದಿ, ಒಪ್ಪಿ, ಹೊಸ ವಿಷಯದ ಮೇಲೆ ಇನ್ನೊಂದು ಪ್ರಬಂಧ ಬರೆಯುತ್ತಾನೆ. ಅದರ ಅಂಚಿನಲ್ಲಿಯೂ ಅದೇ ಷರಾ ಬರುತ್ತದೆ.

ಇದರಿಂದಾಗುವ ನಷ್ಟ ಸಣ್ಣದಲ್ಲ. ಮುಖ್ಯ ಪರೀಕ್ಷೆಯ 1750 ಅಂಕಗಳಲ್ಲಿ ಪ್ರಬಂಧಪತ್ರಿಕೆಗೆ 250 ಮೀಸಲು. ಮೂರು ಗಂಟೆಗಳಲ್ಲಿ ಎರಡು ಪ್ರಬಂಧಗಳು. ಒಂದೊಂದೂ ಸುಮಾರು 1000ದಿಂದ 1200 ಪದಗಳು. ಕನ್ನಡದಲ್ಲಿಯೂ ಬರೆಯಬಹುದು. ಪರೀಕ್ಷೆಗೆ ಕೂರುವ ಅವಕಾಶಗಳಾದರೋ ಎಣಿಕೆಯವು. ಸಾಮಾನ್ಯ ವರ್ಗದವರಿಗೆ ಆರೇ ಆರು. ಹೀಗಿರುವಾಗ ಷರಾ ಕಣ್ಣಿಗೆ ಬಿದ್ದೂ ಕೈಗೆ ಇಳಿಯದೆ ಹೋಗುವುದೇಕೆ ಎಂಬುದನ್ನು ನೋಡೋಣ.

ಷರಾ ಎಂಬುದು ಓದಿದವರಿಗೆ ಆದ ಅನುಭವದ ವರದಿ. ‘ಇಲ್ಲಿ ನನಗೆ ಸಾಲದೆನಿಸಿತು’ ಎಂದಷ್ಟೇ ಅದು ಹೇಳುತ್ತದೆ. ಏನು ಮಾಡಬೇಕೆಂದು ಹೇಳುವುದಿಲ್ಲ. ರೋಗಿ ‘ಹೊಟ್ಟೆನೋವು’ ಎಂದರೆ ಅದು ಔಷಧದ ಚೀಟಿಯಾಗದಷ್ಟೆ. ನೋವಿನ ಮೂಲ ಯಾವ ವಾಕ್ಯದಲ್ಲಿದೆ ಎಂದು ಹುಡುಕಿ, ಅಲ್ಲಿ ಏನನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂದು ನಿಶ್ಚಯಿಸುವ ಕೆಲಸ ಬರೆದವನದೇ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ‘ನಗರಗಳು ತಮ್ಮ ಕೆರೆಗಳನ್ನು ಏಕೆ ಕಳೆದುಕೊಂಡವು?’ ಎಂಬ ವಿಷಯಕ್ಕೆ ವಿದ್ಯಾರ್ಥಿ ಹೀಗೆ ಬರೆದನೆನ್ನಿ: “ಕೆರೆಗಳು ನಮ್ಮ ಸಂಸ್ಕೃತಿಯ ಜೀವನಾಡಿ. ಹಿಂದಿನವರು ಅವುಗಳನ್ನು ಪೂಜಿಸುತ್ತಿದ್ದರು. ಇಂದು ಮನುಷ್ಯನ ದುರಾಸೆಯಿಂದ ಅವು ನಾಶವಾಗುತ್ತಿವೆ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಎಲ್ಲರೂ ಎಚ್ಚೆತ್ತುಕೊಳ್ಳಬೇಕು.” ಅಧ್ಯಾಪಕರ ಷರಾ: ‘ಆಳ ಸಾಲದು.’

ಇಲ್ಲಿ ಹೆಚ್ಚಿನವರು ಮಾಡುವುದೆಂದರೆ ಇನ್ನೂ ನಾಲ್ಕು ಕೆರೆಗಳ ಹೆಸರು ಸೇರಿಸುವುದು. ಪ್ಯಾರಾ ಉದ್ದವಾಗುತ್ತದೆಯೇ ಹೊರತು ಆಳವಾಗುವುದಿಲ್ಲ. ಕೊರತೆ ಎಲ್ಲಿದೆಯೆಂದು ಕಾಣಲು ಸುಲಭವಾದ ಪರೀಕ್ಷೆಯೊಂದಿದೆ: ವಾಕ್ಯಗಳ ಸ್ಥಾನ ಅದಲುಬದಲು ಮಾಡಿ ನೋಡುವುದು. ಮೇಲಿನ ಪ್ಯಾರಾದಲ್ಲಿ ಕೆರೆಗಳ ಹೆಸರಿನ ವಾಕ್ಯವನ್ನು ಮೊದಲಿಗೆ ತಂದರೂ, ಪೂಜೆಯ ವಾಕ್ಯವನ್ನು ಕೊನೆಗೆ ಕಳಿಸಿದರೂ ಏನೂ ಕೆಡುವುದಿಲ್ಲ. ಅಂದರೆ ಒಂದು ವಾಕ್ಯ ಇನ್ನೊಂದನ್ನು ಹೊತ್ತು ನಿಂತಿಲ್ಲ. ಕಾರಣ ಮತ್ತು ಪರಿಣಾಮಗಳ ಕೊಂಡಿಯಿಲ್ಲ. ‘ಆಳ’ ಎಂದು ಅಧ್ಯಾಪಕರು ಕರೆದದ್ದು ಈ ಕೊಂಡಿಯನ್ನೇ.

ಈಗ ಸಡಿಲವಾದ ವಾಕ್ಯಕ್ಕೆ ‘ಏಕೆ?’ ಎಂದು ಕೇಳಬೇಕು. ಕಾರಣ ಹೇಳುವ ಮಾತು ಇಲ್ಲಿರುವುದು ಒಂದೇ: ‘ದುರಾಸೆ’. ಆದರೆ ದುರಾಸೆ ಹಿಂದೆಯೂ ಇತ್ತಲ್ಲ! ಶತಮಾನಗಳ ಕಾಲ ಉಳಿದ ಕೆರೆಗಳು ಇಪ್ಪತ್ತನೆಯ ಶತಮಾನದಲ್ಲಿಯೇ ಏಕೆ ಬರಿದಾದವು? ಹೀಗೆ ಕೇಳಿದಾಗ ಉತ್ತರಕ್ಕೆ ದಾರಿ ತೆರೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹೆಸರಘಟ್ಟದಿಂದಲೂ, 1933ರಿಂದ ತಿಪ್ಪಗೊಂಡನಹಳ್ಳಿಯಿಂದಲೂ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂದಿತು. ಈ ಅಂಶವನ್ನು ಹಿಡಿದು ಪ್ಯಾರಾವನ್ನು ಹೀಗೆ ತಿದ್ದಬಹುದು:

“ಊರು ಕೆರೆಯ ನೀರನ್ನು ಕುಡಿಯುತ್ತಿದ್ದಷ್ಟು ಕಾಲ ಕೆರೆಗೆ ಊರೆಲ್ಲವೂ ಕಾವಲು. ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳಿಂದ ಕೊಳವೆಯ ನೀರು ಮನೆಬಾಗಿಲಿಗೆ ಬಂದ ಮೇಲೆ ಬೆಂಗಳೂರಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಕೆರೆ ಕ್ರಮೇಣ ಖಾಲಿ ನಿವೇಶನದಂತೆ ಕಂಡಿತು. ಧರ್ಮಾಂಬುಧಿ ಬಸ್ ನಿಲ್ದಾಣವಾದುದನ್ನೂ ಸಂಪಂಗಿ ಕ್ರೀಡಾಂಗಣವಾದುದನ್ನೂ ಈ ಬೆಳಕಿನಲ್ಲಿ ನೋಡಬೇಕು.”

ವಾಕ್ಯಗಳ ಸಂಖ್ಯೆ ಹೆಚ್ಚಲಿಲ್ಲ. ಕೆರೆಗಳ ಹೆಸರುಗಳೂ ಅವೇ. ಆದರೆ ಈಗ ಎರಡನೆಯ ವಾಕ್ಯವನ್ನು ಕಿತ್ತರೆ ಮೂರನೆಯದು ಬೀಳುತ್ತದೆ. ಬದಲಾವಣೆ ನಿಜವಾಗಿ ಆಗಿದೆ ಎಂಬುದಕ್ಕೆ ಇದೇ ಗುರುತು.

ಇನ್ನೊಂದು ಷರಾ ‘ಮುಕ್ತಾಯ ಸಪ್ಪೆ’. ಇದನ್ನು ಕಂಡವರು ಕೊನೆಯ ಪ್ಯಾರಾಕ್ಕೆ ಒಂದು ಸುಭಾಷಿತವನ್ನೋ ಕವಿವಾಣಿಯನ್ನೋ ಅಂಟಿಸುತ್ತಾರೆ. ಷರಾ ಬಿದ್ದ ಜಾಗವೂ ದೋಷ ಹುಟ್ಟಿದ ಜಾಗವೂ ಒಂದೇ ಆಗಿರಬೇಕಾಗಿಲ್ಲ. ಆರಂಭದಲ್ಲಿ ಪ್ರಬಂಧಕಾರ ಯಾವ ನಿಲುವನ್ನೂ ತಾಳದೆ ‘ಕೆರೆ ಜೀವನಾಡಿ’ ಎಂದರೆ, ಕೊನೆಯಲ್ಲಿ ‘ಎಚ್ಚೆತ್ತುಕೊಳ್ಳಬೇಕು’ ಎನ್ನುವುದಲ್ಲದೆ ಬೇರೆ ಗತಿಯಿಲ್ಲ. ‘ಬಳಕೆ ತಪ್ಪಿದ್ದರಿಂದ ಕೆರೆ ಹೋಯಿತು’ ಎಂದು ಮೊದಲೇ ನಿಂತರೆ, ‘ಹಾಗಾದರೆ ಕೆರೆಗೆ ಹೊಸ ಬಳಕೆ ಯಾವುದು?’ ಎಂಬ ಪ್ರಶ್ನೆ ತಾನಾಗಿ ಮುಕ್ತಾಯಕ್ಕೆ ಒದಗುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಿ ಅಂತರ್ಜಲವನ್ನು ಹೆಚ್ಚಿಸಲು ಯತ್ನಿಸಿರುವುದನ್ನೂ, ಆ ನೀರಿನ ಗುಣಮಟ್ಟದ ಬಗೆಗೆ ಎದ್ದ ಆಕ್ಷೇಪಗಳನ್ನೂ ಅಲ್ಲಿ ತೂಗಿ ನೋಡಬಹುದು. ತಿದ್ದಬೇಕಾದದ್ದು ಮೊದಲ ಪ್ಯಾರಾ, ಗುಣವಾಗುವುದು ಕೊನೆಯದು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಎರಡನೆಯ ಪ್ರತಿ ಬರೆಯಲು ಹೊತ್ತಿಲ್ಲ. ಒಂದು ಪ್ರಬಂಧಕ್ಕೆ ದೊರೆಯುವುದು ಒಂದೂವರೆ ಗಂಟೆ. ಆದುದರಿಂದ ಷರಾ ಕೊನೆಗೆ ‘ಬರೆದ ಮೇಲೆ ಏನು ತಿದ್ದಬೇಕಿತ್ತು’ ಎಂಬುದರಿಂದ ‘ಬರೆಯುವ ಮುನ್ನ ಏನು ಮಾಡಬೇಕು’ ಎಂಬುದಕ್ಕೆ ಬದಲಾಗಬೇಕು. ಇದಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣಗಳು ಸಾಕು: ಅಧ್ಯಾಪಕರ ಮಾತು, ಅದಕ್ಕೆ ಕಾರಣವಾದ ನನ್ನ ವಾಕ್ಯ, ಮುಂದಿನ ಸಲ ಯಾವ ಘಳಿಗೆಯಲ್ಲಿ ಏನು ಮಾಡುತ್ತೇನೆ. ಮೂರನೆಯದರಲ್ಲಿ ‘ಆಳವಾಗಿ ಬರೆಯುತ್ತೇನೆ’ ಎಂದು ಬರೆದರೆ ಷರಾವನ್ನೇ ನಕಲು ಮಾಡಿದಂತಾಯಿತು. ‘ಮೊದಲ ಇಪ್ಪತ್ತು ನಿಮಿಷದ ಟಿಪ್ಪಣಿಯಲ್ಲಿ ಪ್ರತಿಯೊಂದು ಅಂಶದ ಎದುರಿಗೂ “ಏಕೆಂದರೆ” ಎಂದು ಬರೆದು ತುಂಬುತ್ತೇನೆ, ತುಂಬಲಾಗದ ಅಂಶವನ್ನು ಬಿಡುತ್ತೇನೆ’ ಎಂದರೆ ಅದು ಮಾಡಬಹುದಾದ ಕೆಲಸ. ಮಾಡಿದೆನೋ ಇಲ್ಲವೋ ಎಂಬುದೂ ಟಿಪ್ಪಣಿಯ ಹಾಳೆಯಲ್ಲಿಯೇ ಕಾಣುತ್ತದೆ.

ಒಂದು ಸಲಕ್ಕೆ ಇಂಥ ಒಂದೆರಡು ಬದಲಾವಣೆಗಳು ಸಾಕು. ಎಂಟು ಷರಾಗಳನ್ನೂ ಒಟ್ಟಿಗೆ ಹಿಡಿದವನು ಕೊನೆಗೆ ಸುಲಭವಾದ ಕಾಗುಣಿತವನ್ನಷ್ಟೇ ತಿದ್ದಿರುತ್ತಾನೆ. ಕಾಗುಣಿತ ಸರಿಯಾಗಬೇಕು, ನಿಜ. ಆದರೆ ವಾದ ಸಡಿಲವಾಗಿದ್ದರೆ ಅದೊಂದರಿಂದ ಪ್ರಬಂಧ ಮೇಲೇರದು. ಹೊಸ ವಿಷಯಕ್ಕೆ ಹಾರುವ ಮುನ್ನ, ಷರಾ ಬಿದ್ದ ಆ ಒಂದು ಪ್ಯಾರಾವನ್ನಾದರೂ ಎರಡು ದಿನಗಳೊಳಗೆ ತಿರುಗಿ ಬರೆಯಬೇಕು. ಕೈಗೆ ರೂಢಿಯಾಗುವುದು ಅಲ್ಲಿ.

ಷರಾ ಅರ್ಥವಾಗದಿದ್ದರೆ? ‘ಸಾರ್, ನಾನು ಹೇಗೆ ಸುಧಾರಿಸಲಿ?’ ಎಂದು ಕೇಳಿದರೆ ‘ಚೆನ್ನಾಗಿ ಓದಪ್ಪ’ ಎಂಬ ಉತ್ತರವೇ ಬಂದೀತು. ತಿದ್ದಿದ ಪ್ಯಾರಾವನ್ನು ಹಳೆಯದರ ಪಕ್ಕದಲ್ಲಿಟ್ಟು, ‘ತಾವು ಆಳ ಸಾಲದೆಂದದ್ದು ಈ ಕೊಂಡಿಯನ್ನೇ ಕುರಿತೋ, ಬೇರೆ ಏನಾದರೂ ಉಂಟೋ?’ ಎಂದು ಕೇಳಿದರೆ ಅವರು ಬೆರಳಿಟ್ಟು ತೋರಿಸಬಲ್ಲರು. ಮನೆಯ ಹಿರಿಯರೂ ನೆರವಾಗಬಹುದು. ವಿಷಯ ತಿಳಿದಿರಲೇಬೇಕೆಂದಿಲ್ಲ, ಪ್ರಬಂಧದ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಗಟ್ಟಿಯಾಗಿ ಓದಿಸಿ ಕೇಳಲಿ. ಅವಿಷ್ಟರಿಂದಲೇ ವಾದದ ದಾರಿ ತಿಳಿದರೆ ಸರಿ; ತಿಳಿಯದಿದ್ದರೆ, ದಾರಿ ಎಲ್ಲಿ ತಪ್ಪಿತೋ ಅಲ್ಲಿಗೆ ಒಂದು ಗೆರೆ ಎಳೆದು ಕೊಡಲಿ.